ಓದುಗರ ಸ್ಪಂದನ: ಮೂವರು ಮಂಜುನಾಥರಲ್ಲಿ ನಾನು ಯಾರು?

ಕಳೆದ ಸಂಚಿಕೆಯಲ್ಲಿ ಬಂದ ಸಮಸ್ಯೆ: ‘ನಾನು ಮದ್ದೂರು ತಾಲ್ಲೂಕಿನ ಕೊಪ್ಪದವನು. ಮೈಸೂರಿನ ಹವ್ಯಾಸಿ ತಂಡವೊಂದರಲ್ಲಿ ನಟಿಸುತ್ತಿದ್ದೇನೆ. ದಾಖಲೆಗಳಲ್ಲಿ ನನ್ನ ಹೆಸರು ಮಂಜುನಾಥ ಕೆ.ಸಿ. ಈಗ ಧಾರಾವಾಹಿಯೊಂದರಲ್ಲಿ ಪಾತ್ರ ಸಿಕ್ಕಿದೆ. ಅಲ್ಲಿ ಆಗಲೇ ಇಬ್ಬರು ಮಂಜುನಾಥರಿದ್ದಾರೆ. ಆರವ್ ಎಂದು ಇಟ್ಟುಕೊಳ್ಳಿ ಎಂದು ನಿರ್ದೇಶಕರು ಹೇಳುತ್ತಿದ್ದಾರೆ. ಧರ್ಮಸ್ಥಳಕ್ಕೆ ಹರಕೆ ಹೊತ್ತು ಇಟ್ಟ ಹೆಸರು, ಬಿಟ್ಟರೆ ನನ್ನ ಮುಖ ನೋಡಬೇಡ ಎಂದು ಅಜ್ಜಿ ಕೂತಿದ್ದಾರೆ. ಏನು ಮಾಡಲಿ?’

ಪೌರಾಣಿಕ ನಾಟಕದ ಹಾರ್ಮೋನಿಯಂ ಮೇಷ್ಟ್ರು, ಮಳವಳ್ಳಿ

ತಮ್ಮಾ, ನೀನು ನಮ್ಮ ಕಡೆಯ ಹುಡುಗ. ನಾಟಕದ ಕರಪತ್ರವನ್ನು ಕಣ್ಣಾರೆ ನೋಡಿರುತ್ತೀಯೆ. ಊರಿನವರೆಲ್ಲ ಸೇರಿ ಕುರುಕ್ಷೇತ್ರ ಆಡುವಾಗ ಪಾತ್ರಧಾರಿಗಳಲ್ಲಿ ಮೂರು ನಾಲ್ಕು ಮಂಜುನಾಥರು ಇದ್ದೇ ಇರುತ್ತಾರೆ. ಹಾಗೆಂದು ಯಾರನ್ನೂ ಆರವ್ ಮಾಡುವುದಿಲ್ಲ. ‘ಶಕುನಿ: ಗುಡಿಮನೆ ಮಂಜುನಾಥ’, ‘ಕರ್ಣ: ಡೇರಿ ಮಂಜುನಾಥ’ ಎಂದು ಅಚ್ಚು ಹಾಕಿಸುತ್ತೇವೆ. ಓದಿದವನಿಗೆ ಯಾರ ಮನೆಯ ಹುಡುಗ ಎಂಬುದು ತಕ್ಷಣ ಗೊತ್ತಾಗುತ್ತದೆ.

ಮಂಜುನಾಥಗೌಡ ಎಂದು ಸೇರಿಸಿಕೊಳ್ಳಬಹುದಲ್ಲ ಎಂದು ಯಾರಾದರೂ ಹೇಳಿಯಾರು. ನಮ್ಮ ಜಿಲ್ಲೆಯಲ್ಲಿ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ, ಪ್ರತಿ ಊರಿನಲ್ಲೂ ಇನ್ನಷ್ಟು ಜನ ಸಿಗುತ್ತಾರೆ. ಊರಿನ ಹೆಸರೂ ನಿನಗೆ ಒಗ್ಗುವುದಿಲ್ಲ. ಕೊಪ್ಪದ ಮಂಜುನಾಥ ಎಂದರೆ ಹೊರಗಿನವರು ನಿನ್ನನ್ನು ಮಲೆನಾಡಿನವನೆಂದು ತಿಳಿಯುತ್ತಾರೆ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಕೊಪ್ಪ ತಾಲ್ಲೂಕೇ ಇದೆಯಲ್ಲ. ನಿಮ್ಮ ಮನೆಯನ್ನು ಊರಿನಲ್ಲಿ ಏನೆಂದು ಕರೆಯುತ್ತಾರೆ? ಅಜ್ಜಿಯನ್ನೇ ಕೇಳು. ಹೆಸರು ಬಿಡಬೇಡ ಎನ್ನುವವರಿಗೆ ಮುಂದೆ ಏನನ್ನು ಕೂಡಿಸಬೇಕೆಂಬುದೂ ಗೊತ್ತಿರುತ್ತದೆ.

ರಂಗಕರ್ಮಿ, ಕುವೆಂಪುನಗರ, ಮೈಸೂರು

ಮಂಜುನಾಥ ಅವರೇ, ಹೆಸರಿನ ಮುಂದೆ ಒಂದು ಮಾತು ಸೇರಿಸಿಕೊಳ್ಳುವುದು ನಮ್ಮ ರಂಗಭೂಮಿಯಿಂದಲೇ ಸಿನಿಮಾಕ್ಕೆ ಹೋದ ಪದ್ಧತಿ. ಆದರೆ ಆ ಮಾತು ಎಲ್ಲಿಂದ ಬಂತು ಎನ್ನುವುದರ ಮೇಲೆ ಮುಂದಿನ ಫಲ ನಿಂತಿದೆ.

ಪಾತ್ರದಿಂದ ಬಂದದ್ದು ಒಂದು ಬಗೆ. ಚಂದ್ರಶೇಖರ್ ಎಂಬ ನಟ ನಾಟಕವೊಂದರಲ್ಲಿ ಮುಖ್ಯಮಂತ್ರಿಯ ಪಾತ್ರ ಮಾಡಿ ಮುಖ್ಯಮಂತ್ರಿ ಚಂದ್ರು ಆದರು. ಮುಂದೆ ನಿಜವಾಗಿಯೇ ಶಾಸಕರಾದರು, ಆಗಲೂ ಜನ ಕರೆದದ್ದು ಅದೇ ಹೆಸರಿನಿಂದ. ದುನಿಯಾ ವಿಜಯ್ ಅವರಿಗೆ 2007ರ ಚಿತ್ರದ ಹೆಸರೇ ಅಂಟಿತು. ಈ ಬಗೆಯದನ್ನು ನೀವಾಗಿ ಆರಿಸಿಕೊಳ್ಳಲು ಬರುವುದಿಲ್ಲ, ಪಾತ್ರ ಗೆದ್ದರೆ ಜನರೇ ಕೊಡುತ್ತಾರೆ. ಧಾರಾವಾಹಿಯ ಪಾತ್ರದ ಹೆಸರನ್ನು ಈಗಲೇ ಅಂಟಿಸಿಕೊಂಡು, ಆರು ತಿಂಗಳಲ್ಲಿ ಕಥೆ ಮುಗಿಸಿದರೆ ಆ ಹೆಸರಿಗೆ ಅರ್ಥವೇ ಉಳಿಯುವುದಿಲ್ಲ. ಬೇರೆ ವಾಹಿನಿಯವರಿಗೂ ಅದು ಇರಿಸುಮುರಿಸು.

ತಂಡದಿಂದ ಬಂದದ್ದು ಇನ್ನೊಂದು. ನಮ್ಮ ಊರಿನ ರಂಗಾಯಣದಲ್ಲಿ ಪಳಗಿದ ರಘು ಅವರು ರಂಗಾಯಣ ರಘು. ಸಂಚಾರಿ ತಂಡದ ವಿಜಯ್ ಅವರು ಸಂಚಾರಿ ವಿಜಯ್, ರಾಷ್ಟ್ರಪ್ರಶಸ್ತಿ ಪಡೆದಾಗಲೂ ಅದೇ ಹೆಸರು. ದುನಿಯಾ ವಿಜಯ್, ವಿಜಯ್ ರಾಘವೇಂದ್ರ ಅವರೆಲ್ಲ ಇರುವಾಗಲೇ ಅವರೂ ವಿಜಯ್ ಆಗಿಯೇ ಉಳಿದರು. ಅಂದರೆ ಸಾಮಾನ್ಯ ಹೆಸರು ಬೇಡವೆಂದು ಬಿಡಲೇಬೇಕಾಗಿಲ್ಲ. ನೀವು ತಂಡದಲ್ಲಿ ನಾಲ್ಕಾರು ವರ್ಷ ದುಡಿದಿದ್ದರೆ ಈ ದಾರಿ ಹಿಡಿಯಿರಿ. ಮೊದಲು ತಂಡದ ಹಿರಿಯರ ಒಪ್ಪಿಗೆ ಪಡೆಯಿರಿ. ಹೊಸಬರೆಲ್ಲ ತಂಡದ ಹೆಸರು ಹೊತ್ತುಕೊಂಡು ಹೋದರೆ ಉಳಿದವರಿಗೆ ಕಸಿವಿಸಿಯಾಗುತ್ತದೆ. ಅದು ಸಹಜ ಕೂಡ.

ಮೇಷ್ಟ್ರು ಹೇಳುವ ಮನೆತನದ ಹೆಸರು ಮೂರನೆಯ ದಾರಿ. (ಸ್ಪಂದನಕ್ಕೆ ಬರೆಯುವ ಮೊದಲೇ ನಾನು ಅವರೊಂದಿಗೆ ಫೋನಿನಲ್ಲಿ ಜಗಳವಾಡಿದ್ದೇನೆ.) ಗುಡಿಮನೆ ಮಂಜುನಾಥ ಎಂಬುದನ್ನೇ ತೆಗೆದುಕೊಳ್ಳಿ. ಕರಪತ್ರದಲ್ಲಿ ಚೆನ್ನಾಗಿದೆ. ಆದರೆ ನಾಟಕ ಮುಗಿದ ಮೇಲೆ ಪಾತ್ರಪರಿಚಯ ಮಾಡುವವರು ಮೈಕಿನಲ್ಲಿ ಓಡಿಸಿಕೊಂಡು ಹೇಳಿದರೆ ‘ಗುಡಿಮನೆ’ ನುಂಗಿಹೋಗಿ, ಮತ್ತೆ ಬರಿಯ ಮಂಜುನಾಥನೇ ಉಳಿಯುತ್ತಾನೆ. ತಿರುಗಿಸಿ ಮಂಜು ಗುಡಿಮನೆ ಎಂದರೆ ಕೊನೆಯಲ್ಲಿ ಬರುವ ಮಾತು ಕಿವಿಯಲ್ಲಿ ನಿಲ್ಲುತ್ತದೆ. ಸೆಟ್ಟಿನಲ್ಲಿ ‘ಗುಡಿಮನೆ, ಬನ್ನಿ’ ಎಂದು ಕೂಗಿದರೆ ಉಳಿದಿಬ್ಬರು ಮಂಜುನಾಥರು ತಿರುಗಿಯೂ ನೋಡುವುದಿಲ್ಲ. ನಿಮ್ಮ ಮನೆಯ ಹೆಸರನ್ನೂ ಹೀಗೆ ಹಿಂದೆ ಮುಂದೆ ಇಟ್ಟು, ನಿಮ್ಮನ್ನು ಅರಿಯದ ಒಬ್ಬರಿಗೆ ಫೋನಿನಲ್ಲಿ ಒಂದೇ ಸಲ ಹೇಳಿ ಬರೆಯಲು ಕೊಡಿ. ಎರಡನೆಯ ಸಲ ಕೇಳಿದರೆ ಆ ಹೆಸರು ಬೇಡ.

ಸಿನಿಮಾಪ್ರೇಮಿ, ಮದ್ದೂರು

ಎಲ್ಲರೂ ಹಳೆಯ ಹೆಸರಿನ ಪರ ವಾದಿಸುತ್ತಾರೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. 1954ರಲ್ಲಿ ಬೇಡರ ಕಣ್ಣಪ್ಪ ಚಿತ್ರಕ್ಕೆ ಎಚ್.ಎಲ್.ಎನ್. ಸಿಂಹ ಅವರು ಮುತ್ತುರಾಜ್ ಅವರನ್ನು ರಾಜಕುಮಾರ್ ಮಾಡಿದರು. 1972ರ ನಾಗರಹಾವು ಚಿತ್ರದಲ್ಲಿ ಮೈಸೂರಿನ ಸಂಪತ್ ಕುಮಾರ್ ವಿಷ್ಣುವರ್ಧನ್ ಆದರು, ನಮ್ಮ ದೊಡ್ಡರಸಿನಕೆರೆಯ ಅಮರನಾಥ್ ಅಂಬರೀಶ್ ಆದರು. ಯಾರಿಗೂ ನಷ್ಟವಾಗಲಿಲ್ಲ.

ಆದರೆ ಅವು ಚಿತ್ರದೊಂದಿಗೆ ಬಂದ ಹೆಸರುಗಳು. ಪಾತ್ರ, ಪ್ರಚಾರ, ಪೋಸ್ಟರ್ ಎಲ್ಲ ಸೇರಿ ಹೊಸ ಹೆಸರನ್ನು ಜನರ ಬಾಯಿಗೆ ತಂದವು. ನಿಮ್ಮ ಧಾರಾವಾಹಿಯಲ್ಲಿ ನಿಮಗೆ ಅಂಥ ಪ್ರಚಾರ ಇದೆಯೇ? ನಾಯಕನ ಗೆಳೆಯನ ಪಾತ್ರವಾದರೆ ಖಂಡಿತ ಇರುವುದಿಲ್ಲ. ಮೈಸೂರಿನ ಪ್ರೇಕ್ಷಕರು ಈಗಾಗಲೇ ಗುರುತಿಸುವ ಮಂಜುನಾಥನನ್ನು ಕಳೆದುಕೊಂಡು, ಯಾರಿಗೂ ಗೊತ್ತಿಲ್ಲದ ಆರವ್ ಆಗುತ್ತೀರಿ. ಅದೂ ಅಲ್ಲದೆ ಈಗಿನ ಶಾಲೆಗಳಲ್ಲಿ ಆರವ್ ಎಂದು ಕರೆದರೆ ಎಷ್ಟು ಮಕ್ಕಳು ಎದ್ದು ನಿಲ್ಲುತ್ತಾರೆ ನೋಡಿ. ಹೊಸ ಹೆಸರು ಬೇಕೇ ಬೇಕೆಂದರೆ ಬೇರೆಯದನ್ನು ಕೇಳಿ, ಇದನ್ನಲ್ಲ.

ಲೆಕ್ಕಪರಿಶೋಧಕ, ಮಂಡ್ಯ

ಯಾವ ಹೆಸರು ಇಟ್ಟುಕೊಂಡರೂ ಬ್ಯಾಂಕ್ ಖಾತೆ, ಪ್ಯಾನ್, ಆಧಾರ್ ಮಂಜುನಾಥ ಕೆ.ಸಿ. ಎಂದೇ ಇರಲಿ. ವೃತ್ತಿನಾಮಕ್ಕಾಗಿ ಕಾನೂನಿನಂತೆ ಹೆಸರು ಬದಲಿಸಬೇಕಾಗಿಲ್ಲ. ಪ್ರಮಾಣಪತ್ರ, ಗೆಜೆಟ್ ಪ್ರಕಟಣೆ ಎಂದು ಓಡಾಡುವುದು ದಾಖಲೆಗಳಲ್ಲೂ ಹೊಸ ಹೆಸರೇ ಬೇಕು ಎನ್ನುವವರಿಗೆ ಮಾತ್ರ.

ತೊಂದರೆ ಬರುವುದು ಬೇರೆ ಕಡೆ. ನಿರ್ಮಾಣ ಸಂಸ್ಥೆಯ ಮ್ಯಾನೇಜರಿಗೆ ನಿಮ್ಮ ವೃತ್ತಿನಾಮವಷ್ಟೇ ಗೊತ್ತಿರುತ್ತದೆ. ಚೆಕ್ಕನ್ನು ಅದೇ ಹೆಸರಿಗೆ ಬರೆಯುತ್ತಾರೆ, ಬ್ಯಾಂಕ್ ಹಿಂತಿರುಗಿಸುತ್ತದೆ. ವಿಮಾನದ ಟಿಕೆಟ್ಟನ್ನೂ ಹಾಗೆಯೇ ತೆಗೆದರೆ ಗುರುತಿನ ಚೀಟಿಯೊಂದಿಗೆ ಹೊಂದದೆ ನಿಲ್ದಾಣದ ಬಾಗಿಲಿನಲ್ಲೇ ನಿಲ್ಲುತ್ತೀರಿ. ನನ್ನ ಬಳಿಗೆ ಬರುವ ಕಲಾವಿದರೊಬ್ಬರ ಸಂಭಾವನೆ ಇದೇ ಕಾರಣಕ್ಕೆ ಎರಡು ತಿಂಗಳು ತಡವಾಯಿತು.

ಹಾಗಾಗಿ ಒಪ್ಪಂದದ ಮೊದಲ ಸಾಲಿನಲ್ಲೇ ‘ಮಂಜುನಾಥ ಕೆ.ಸಿ., ವೃತ್ತಿನಾಮ ಇಂಥದ್ದು’ ಎಂದು ಬರೆಸಿ, ಹಣ ಪಾವತಿ ದಾಖಲೆಯ ಹೆಸರಿಗೆ ಎಂದು ಸೇರಿಸಿ. ಟೈಟಲ್ ಕಾರ್ಡಿನಲ್ಲಿ ಹೆಸರು ಹೇಗೆ ಬರಬೇಕೆಂಬುದನ್ನೂ ಅಕ್ಷರಕ್ಷರ ಅಲ್ಲಿಯೇ ಬರೆಸಿ. ಸಂಭಾವನೆಯಲ್ಲಿ ಹಿಡಿದ ತೆರಿಗೆ ನಿಮ್ಮ ಲೆಕ್ಕಕ್ಕೆ ಬರುವುದು ಪ್ಯಾನ್ ಸಂಖ್ಯೆಯ ಮೇಲೆ. ಅದನ್ನು ಸರಿಯಾಗಿ ಕೊಟ್ಟಿದ್ದೀರಾ ಎಂದು ಎರಡು ಸಲ ನೋಡಿ.

ವಿಡಿಯೊ ಸಂಕಲನಕಾರ, ಸರಸ್ವತಿಪುರಂ, ಮೈಸೂರು

ಇಂಗ್ಲಿಷ್ ಕಾಗುಣಿತದ ಬಗ್ಗೆ ಯಾರೂ ಬರೆದಂತಿಲ್ಲ. ಟೈಟಲ್ ಕಾರ್ಡ್ ಮಾಡುವವನಾಗಿ ನನಗೆ ದಿನವೂ ಇದೇ ಗೋಳು. ಒಂದು ತಂಡ Manjunath ಎಂದು ಕಳುಹಿಸುತ್ತದೆ, ಇನ್ನೊಂದು Manjunatha ಎಂದು. ಹುಡುಕುವವರಿಗೆ ಇವರು ಇಬ್ಬರು ಬೇರೆ ಬೇರೆ ಜನ. ಸಿನಿಮಾ ಮಾಹಿತಿಯ ಜಾಲತಾಣ ಐಎಂಡಿಬಿಯಲ್ಲಿ ಒಂದೇ ಹೆಸರಿನವರು ಹಲವರಿದ್ದರೆ ಮುಂದೆ (I), (II) ಎಂದು ಅಂಕಿ ಬೀಳುತ್ತದೆ. ನಿಮ್ಮ ಕೆಲಸ ಇನ್ನೊಬ್ಬರ ಪಟ್ಟಿಗೆ ಸೇರಿಹೋದರೆ ಅದನ್ನು ಬಿಡಿಸಿ ತರುವುದು ತಲೆನೋವು. ಸಂಖ್ಯಾಶಾಸ್ತ್ರದವರ ಮಾತು ಕೇಳಿ ನಡುವೆ ಒಂದು a ಹೆಚ್ಚಿಗೆ ಹಾಕಿಸಿಕೊಂಡವರ ಪಾಡಂತೂ ಇನ್ನೂ ಕಷ್ಟ. ಕಿವಿಯಲ್ಲಿ ಕೇಳಿದ್ದನ್ನು ಬೆರಳು ಹಾಗೆಯೇ ಬರೆಯುವುದಿಲ್ಲ.

Gudimane ಎಂಬುದನ್ನು ಕನ್ನಡ ಬಲ್ಲವರು ಬಹುತೇಕ ಒಂದೇ ರೀತಿ ಬರೆಯುತ್ತಾರೆ. ಅಂಥ ಹೆಸರು ಸಿಕ್ಕರೆ ಒಪ್ಪಿಕೊಳ್ಳಿ. ಖಚಿತ ಮಾಡುವ ಮೊದಲು ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಮೊಬೈಲಿನಲ್ಲಿ ಹುಡುಕಿ, ಆಗಲೇ ಬೇರೆ ನಟನೋ ಗಾಯಕನೋ ಇದ್ದಾನೆಯೇ ನೋಡಿ. ಇಲ್ಲವೆಂದಾದರೆ ಆ ದಿನವೇ ಅದೇ ಕಾಗುಣಿತದಲ್ಲಿ ಇನ್‌ಸ್ಟಾಗ್ರಾಂ ಖಾತೆ ತೆರೆದುಬಿಡಿ. ನಿರ್ದೇಶಕರಿಗೆ ಹೇಳುವುದು ನಾಳೆಯಾದರೂ ಆದೀತು.