ವಾಷಿಂಗ್ ಮಷಿನ್ ಪರದೆಯಲ್ಲಿ IE: ಕೈಪಿಡಿಯ ದೋಷಪಟ್ಟಿಯನ್ನು ಓದುವುದು ಹೇಗೆ?

ಪ್ರಶ್ನೆ (ತೀರ್ಥಹಳ್ಳಿ ಸಮೀಪದ ಗೃಹಿಣಿ): ನಮ್ಮ ಮನೆಯಲ್ಲಿರುವ, ಮುಂದಿನಿಂದ ಬಟ್ಟೆ ಹಾಕುವ ಮುಂಬಾಗಿಲಿನ ವಾಷಿಂಗ್ ಮಷಿನ್ ಶುರುವಾದ ಸ್ವಲ್ಪ ಹೊತ್ತಿಗೆ ನಿಂತು, ಪರದೆಯ ಮೇಲೆ IE ಎಂದು ತೋರಿಸುತ್ತದೆ. ಕೈಪಿಡಿಯ ಕೊನೆಯ ಪುಟಗಳ ಪಟ್ಟಿಯಲ್ಲಿ ಆ ಅಕ್ಷರಗಳ ಎದುರು ‘ನಲ್ಲಿ ತೆರೆದಿದೆಯೇ, ಕೊಳವೆ ಮಡಿಚಿಕೊಂಡಿದೆಯೇ, ಒಳಹರಿವಿನ ಜಾಲರಿ ಕಟ್ಟಿಕೊಂಡಿದೆಯೇ, ನೀರಿನ ಒತ್ತಡ ಸಾಕಷ್ಟಿದೆಯೇ’ ಎಂದು ಬರೆದಿದೆ. ನಲ್ಲಿ ತೆರೆದೇ ಇದೆ. ಉಳಿದದ್ದು ನನಗೆ ಅರ್ಥವಾಗಲಿಲ್ಲ. ಮಷಿನ್ ಕೆಟ್ಟಿದೆಯೇ? ಶಿವಮೊಗ್ಗದಿಂದ ಮೆಕ್ಯಾನಿಕ್‌ರನ್ನು ಕರೆಸಬೇಕೇ? ನಮ್ಮದು ಗುಡ್ಡದ ಝರಿಯಿಂದ ಪೈಪಿನಲ್ಲಿ ಇಳಿದು ಬರುವ ಅಬ್ಬಿ ನೀರು. ಬಚ್ಚಲುಮನೆಯ ತಾರಸಿಯ ಮೇಲಿನ ಟ್ಯಾಂಕಿಗೆ ಬಂದು ಬೀಳುತ್ತದೆ.

ಶಿವಮೊಗ್ಗದ ಮೆಕ್ಯಾನಿಕ್: ಅಮ್ಮಾ, ಈಗಲೇ ಯಾರನ್ನೂ ಕರೆಸಬೇಡಿ. ಮೊದಲು ಆ ಪಟ್ಟಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ತಿಳಿದುಕೊಳ್ಳೋಣ. ಮಷಿನ್ನಿಗೆ ನಿಮ್ಮ ನಲ್ಲಿಯೂ ಕಾಣುವುದಿಲ್ಲ, ಟ್ಯಾಂಕೂ ಕಾಣುವುದಿಲ್ಲ. ಡ್ರಮ್ಮಿನ ಹೊರತೊಟ್ಟಿಯ ತಳದಿಂದ ಒಂದು ಸಣ್ಣ ಗಾಳಿಯ ಕೊಳವೆ ಮೇಲಕ್ಕೆ ಹೋಗಿರುತ್ತದೆ. ತೊಟ್ಟಿಯಲ್ಲಿ ನೀರು ಏರಿದಂತೆ ಆ ಗಾಳಿ ಒತ್ತಿಕೊಳ್ಳುತ್ತದೆ, ಅದರಿಂದ ನೀರಿನ ಮಟ್ಟ ಎಷ್ಟೆಂದು ಮಷಿನ್ ಅಳೆಯುತ್ತದೆ. ನೀರು ಬಿಡಲು ಆರಂಭಿಸಿದ ಇಂತಿಷ್ಟು ನಿಮಿಷದೊಳಗೆ ಮಟ್ಟ ಬರದಿದ್ದರೆ ಅದು IE ಎಂದು ತೋರಿಸಿ ನಿಲ್ಲುತ್ತದೆ. ಆದ್ದರಿಂದ ಆ ಎರಡು ಅಕ್ಷರಗಳ ಅರ್ಥ ‘ಹೊತ್ತಿಗೆ ಸರಿಯಾಗಿ ನೀರು ತುಂಬಲಿಲ್ಲ’ ಎಂಬುದಷ್ಟೇ. ಏಕೆ ತುಂಬಲಿಲ್ಲ ಎಂಬುದು ಮಷಿನ್ನಿಗೆ ಗೊತ್ತಿಲ್ಲ. ಅದಕ್ಕಾಗಿಯೇ ಪುಸ್ತಕದವರು ಒಂದು ಸಂಕೇತದ ಎದುರು ನಾಲ್ಕು ಕಾರಣಗಳನ್ನು ಬರೆದಿದ್ದಾರೆ. ಅವು ನಾಲ್ಕೂ ಒಟ್ಟಿಗೆ ಆಗಿರುವ ದೋಷಗಳಲ್ಲ, ಒಂದಾದ ಮೇಲೊಂದು ನೋಡಬೇಕಾದ ಅನುಮಾನಗಳು. ಮೊದಲನೆಯದು ನಿಮಗೆ ಅನ್ವಯಿಸಲಿಲ್ಲವೆಂದು ಇಡೀ ಸಾಲನ್ನು ಬಿಡಬಾರದು.

ನೋಡುವ ಕ್ರಮವನ್ನು ನಾನು ಸ್ವಲ್ಪ ಬದಲಿಸಿ ಹೇಳುತ್ತೇನೆ. ಮಷಿನ್ನಿನ ಪ್ಲಗ್ ತೆಗೆಯಿರಿ, ನಲ್ಲಿ ನಿಲ್ಲಿಸಿ, ಮಷಿನ್ನಿನ ಹಿಂಬದಿಗೆ ಹೋಗುವ ನೀರಿನ ಕೊಳವೆಯನ್ನು ನಲ್ಲಿಯ ತುದಿಯಿಂದ ಬಿಚ್ಚಿ. ನಲ್ಲಿಯ ಕೆಳಗೆ ಬಕೆಟ್ ಇಟ್ಟು, ಪೂರ್ತಿ ತಿರುಗಿಸಿ, ತುಂಬಲು ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡಿ ಬರೆದುಕೊಳ್ಳಿ. ಬಳಿಕ ಕೊಳವೆಯನ್ನು ನಲ್ಲಿಗೆ ಮತ್ತೆ ಹಾಕಿ, ಮಷಿನ್ನಿನ ಕಡೆಯ ತುದಿಯನ್ನು ಬಿಚ್ಚಿ, ಅದೇ ಬಕೆಟ್ಟನ್ನು ಆ ತುದಿಯಿಂದ ತುಂಬಿಸಿ. ನಲ್ಲಿಯಲ್ಲಿ ನೀರು ಜೋರಾಗಿದ್ದು ಕೊಳವೆಯ ತುದಿಯಲ್ಲಿ ಸಣ್ಣಗಾದರೆ ತೊಂದರೆ ಕೊಳವೆಯಲ್ಲಿದೆ. ಎರಡೂ ಕಡೆ ಜೋರಾಗಿದ್ದರೆ ತೊಂದರೆ ಮಷಿನ್ನಿನ ಬಾಯಲ್ಲಿರುವ ಜಾಲರಿಯಲ್ಲೋ ಅದರ ಹಿಂದಿನ ವಾಲ್ವಿನಲ್ಲೋ ಇದೆ. ನಲ್ಲಿಯಲ್ಲೇ ಸಣ್ಣಗಿದ್ದರೆ ಮಷಿನ್ನನ್ನು ದೂರುವಂತಿಲ್ಲ.

ಕೊಳವೆ ಬಿಚ್ಚಿದಾಗ ಮಷಿನ್ನಿನ ಬಾಯಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ಜಾಲರಿ ಕಾಣುತ್ತದೆ. ಅದರ ಮಧ್ಯದ ಮೊಳೆಯಂತಹ ಭಾಗವನ್ನು ಇಕ್ಕಳದಿಂದ ಮೆಲ್ಲಗೆ ಹಿಡಿದು ನೇರವಾಗಿ ಎಳೆದರೆ ಬರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆದು ಮೊದಲಿನಂತೆಯೇ ಕೂರಿಸಿ. ಮಳೆಗಾಲದ ಅಬ್ಬಿ ನೀರಿನಲ್ಲಿ ಕೆಸರು, ಎಲೆಯ ಪುಡಿ ಬರುವುದರಿಂದ ನಮ್ಮ ಕಡೆ ಇದು ಬೇಗ ಕಟ್ಟಿಕೊಳ್ಳುತ್ತದೆ.

ಸಾಗರದ ಸದಸ್ಯರು: ನಮ್ಮಲ್ಲಿಯೂ ಇದೇ ತಾಪತ್ರಯವಿತ್ತು. ಆ ಜಾಲರಿಯನ್ನು ತೆಗೆದು ಬಿಸಾಡಿದೆವು, ಅಂದಿನಿಂದ ನೀರು ಸಲೀಸಾಗಿ ಬರುತ್ತಿದೆ. ಇಷ್ಟಕ್ಕೆಲ್ಲ ಬಕೆಟ್ ಹಿಡಿದು ಗಡಿಯಾರ ನೋಡುವುದು ಬೇಡ.

ಶಿವಮೊಗ್ಗದ ಮೆಕ್ಯಾನಿಕ್: ಜಾಲರಿಯೇ ತಡೆ ಎಂದು ನೀವು ಕಂಡುಕೊಂಡದ್ದು ಸರಿ, ಬಿಸಾಡಿದ್ದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅದರ ಹಿಂದಿರುವ ವಾಲ್ವಿನೊಳಗೆ ರಬ್ಬರಿನ ತೆಳುವಾದ ಪೊರೆಯೊಂದು ನೀರಿನ ದಾರಿಯನ್ನು ಮುಚ್ಚಿ ಕೂರುತ್ತದೆ. ಅದರ ಕೆಳಗೆ ಒಂದು ಮರಳಿನ ಕಣ ಸಿಕ್ಕಿಕೊಂಡರೂ ಪೊರೆ ಪೂರ್ತಿ ಮುಚ್ಚುವುದಿಲ್ಲ. ಆಗ ಮಷಿನ್ ಬಂದ್ ಆಗಿದ್ದರೂ ನೀರು ಒಳಗೆ ಜಿನುಗುತ್ತಲೇ ಇರುತ್ತದೆ. ಬಳಸದ ಹೊತ್ತಿನಲ್ಲಿ ಡ್ರಮ್ಮಿನಲ್ಲಿ ನೀರು ಕಾಣಿಸಿದರೆ ಅದೇ ಲಕ್ಷಣವೆಂದು ತಿಳಿಯಿರಿ. ಜಾಲರಿ ಬೇರೆ ತರಿಸಿ ಹಾಕಿ.

ಕೊಪ್ಪದ ಸದಸ್ಯೆ: ನಮ್ಮ ಮಷಿನ್ OE ಎಂದು ತೋರಿಸುತ್ತದೆ, ನೀರು ಒಳಗೇ ನಿಂತಿರುತ್ತದೆ. ನಾನೂ ಈ ಜಾಲರಿಯನ್ನೇ ತೊಳೆಯಲೇ?

ಶಿವಮೊಗ್ಗದ ಮೆಕ್ಯಾನಿಕ್: ಬೇಡ ಅಕ್ಕ, ನಿಮ್ಮದು ತದ್ವಿರುದ್ಧವಾದ ತೊಂದರೆ. ಸಂಕೇತಗಳು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ, ಆದ್ದರಿಂದ ನಿಮ್ಮದೇ ಪುಸ್ತಕದಲ್ಲಿ ನೋಡಿ. ನೀವು ಹೇಳುವ ಲಕ್ಷಣವಂತೂ ನೀರು ಹೊರಹೋಗದಿರುವುದು. ಮುಂಭಾಗದ ಕೆಳಮೂಲೆಯ ಸಣ್ಣ ಮುಚ್ಚಳದೊಳಗೆ ಪಂಪಿನ ಫಿಲ್ಟರ್ ಇರುತ್ತದೆ. ಮೊದಲು ಅಲ್ಲಿರುವ ಸಣ್ಣ ಕೊಳವೆಯಿಂದ ನೀರನ್ನು ತಟ್ಟೆಗೆ ಬಸಿದು, ಆಮೇಲೆ ತಿರುಗಿಸಿ ತೆಗೆಯಿರಿ. ಬಿಸಿನೀರಿನಲ್ಲಿ ಒಗೆದಿದ್ದರೆ ಆರುವವರೆಗೆ ಕೈ ಹಾಕಬೇಡಿ.

ಹೊಸನಗರದ ಸದಸ್ಯರು: ಅಬ್ಬಿ ನೀರು ಗುಡ್ಡದ ಮೇಲಿನಿಂದ ಇಳಿದು ಬರುವಾಗ ಒತ್ತಡಕ್ಕೆ ಕೊರತೆ ಎಲ್ಲಿಯದು? ನಮ್ಮ ಪೈಪು ನೂರಡಿ ಎತ್ತರದಿಂದ ಬರುತ್ತದೆ, ತುದಿಯನ್ನು ಬೆರಳಿನಿಂದ ಮುಚ್ಚಲಿಕ್ಕೂ ಆಗುವುದಿಲ್ಲ. ಇದು ಮಷಿನ್ನಿನೊಳಗಿನ ಎಲೆಕ್ಟ್ರಾನಿಕ್ ಬೋರ್ಡಿನದೇ ತೊಂದರೆ. ಸಂಜೆ ಹೊತ್ತು ನಮ್ಮ ಕಡೆ ವೋಲ್ಟೇಜ್ ಬೀಳುತ್ತದೆ, ಸ್ಟೆಬಿಲೈಸರ್ ಹಾಕಿಸಿ.

ಪ್ರಶ್ನೆ ಕೇಳಿದವರು: ಬಕೆಟ್ಟಿನ ಪರೀಕ್ಷೆ ಮಾಡಿದೆ. ಹದಿನೈದು ಲೀಟರಿನ ಬಕೆಟ್ ನಲ್ಲಿಯಲ್ಲಿ ತುಂಬಲು ಸುಮಾರು ಐದು ನಿಮಿಷ ಹಿಡಿಯಿತು, ಕೊಳವೆಯ ತುದಿಯಲ್ಲಿಯೂ ಅಷ್ಟೇ. ಜಾಲರಿಯಲ್ಲಿ ಕಪ್ಪು ಕೆಸರು ಮೆತ್ತಿಕೊಂಡಿತ್ತು, ತೊಳೆದೆ. ಈಗ ಬೆಳಿಗ್ಗೆ ಹಾಕಿದರೆ ಮಷಿನ್ ಪೂರ್ತಿ ಓಡುತ್ತದೆ, ಸಂಜೆ ಹಾಕಿದರೆ ಮತ್ತೆ IE ಬರುತ್ತದೆ. ಪುಸ್ತಕದ ಇನ್ನೊಂದು ಪುಟದಲ್ಲಿ ನೀರಿನ ಒತ್ತಡದ ಎದುರು 0.05 – 0.8 MPa ಎಂದಿದೆ. ಅದೇನೆಂದು ನನಗೆ ತಿಳಿಯದು. ಟ್ಯಾಂಕು ನಲ್ಲಿಗಿಂತ ಎಂಟು ಅಡಿಯಷ್ಟು ಮೇಲಿರಬಹುದು.

ಶಿವಮೊಗ್ಗದ ಮೆಕ್ಯಾನಿಕ್: ಚೆನ್ನಾಗಿ ಅಳೆದಿದ್ದೀರಿ ಅಮ್ಮ, ಪುಸ್ತಕದ ನಾಲ್ಕನೆಯ ಕಾರಣಕ್ಕೆ ಉತ್ತರ ಈ ಅಂಕಿಗಳಲ್ಲೇ ಇದೆ. ಆ MPa ಎಂಬುದು ಒತ್ತಡದ ಅಳತೆ. ಮನೆಯ ಲೆಕ್ಕಕ್ಕೆ ಹೀಗೆ ನೆನಪಿಟ್ಟುಕೊಳ್ಳಿ: ಹತ್ತು ಮೀಟರ್ ಎತ್ತರದಲ್ಲಿ ನಿಂತ ನೀರು ಕೆಳಗೆ ಸುಮಾರು 0.1 MPa ಒತ್ತಡ ಕೊಡುತ್ತದೆ. ನಿಮ್ಮ ಮಷಿನ್ ಕೇಳುವ ಕನಿಷ್ಠ 0.05 ಬೇಕಾದರೆ ನೀರಿನ ಮಟ್ಟ ನಲ್ಲಿಗಿಂತ ಐದು ಮೀಟರ್, ಎಂದರೆ ಸುಮಾರು ಹದಿನಾರು ಅಡಿ ಮೇಲಿರಬೇಕು. ನಿಮ್ಮದು ಎಂಟು ಅಡಿ, ಎಂದರೆ ಬೇಕಾದದ್ದರ ಅರ್ಧ. ನಾನು ಹೇಳಿದ ಪೊರೆಯ ವಾಲ್ವ್ ತೆರೆದುಕೊಳ್ಳಲು ನೀರಿನ ಒತ್ತಡವೂ ನೆರವಾಗಬೇಕು. ಒತ್ತಡ ಕಡಿಮೆಯಿದ್ದರೆ ಅದು ಪೂರ್ತಿ ತೆರೆಯದೆ ನೀರು ಇನ್ನೂ ಸಣ್ಣಗಾಗುತ್ತದೆ. ಜಾಲರಿ ಶುದ್ಧವಾದ ಮೇಲೆ ಬೆಳಿಗ್ಗೆ ಹೇಗೋ ಹೊತ್ತಿನೊಳಗೆ ತುಂಬುತ್ತಿದೆ, ಸಂಜೆ ಅಂಚಿನಲ್ಲಿ ತಪ್ಪುತ್ತಿದೆ.

ಹೊಸನಗರದವರ ಮಾತಿಗೆ ಉತ್ತರ ಹೇಳಲೇಬೇಕು, ಏಕೆಂದರೆ ಮಲೆನಾಡಿನ ಮನೆಗಳಲ್ಲಿ ಇದೇ ತಿಳಿವಳಿಕೆ ಇದೆ. ಗುಡ್ಡದ ಎತ್ತರದ ಒತ್ತಡ ಇರುವುದು ಪೈಪಿನೊಳಗೆ ಮಾತ್ರ. ಬಾಯಿ ತೆರೆದ ಟ್ಯಾಂಕಿಗೆ ನೀರು ಬಿದ್ದ ಕ್ಷಣ ಅದು ಮುಗಿಯಿತು. ಅಲ್ಲಿಂದ ಮುಂದೆ ಟ್ಯಾಂಕಿನ ಎತ್ತರವಷ್ಟೇ ಲೆಕ್ಕಕ್ಕೆ ಬರುತ್ತದೆ. ಟ್ಯಾಂಕಿಗೆ ಹೋಗುವ ಪೈಪಿಗೆ ಮಧ್ಯದಲ್ಲಿ ಕವಲು ಹಾಕಿ ಮಷಿನ್ನಿಗೆ ಕೊಟ್ಟರೂ, ಮುಂದಿನ ತುದಿಯಲ್ಲಿ ನೀರು ಸಲೀಸಾಗಿ ಹರಿದುಹೋಗುತ್ತಿರುವವರೆಗೆ ಕವಲಿನಲ್ಲಿ ಒತ್ತಡ ಉಳಿಯುವುದಿಲ್ಲ. ಆ ತುದಿಯನ್ನು ಮುಚ್ಚಿದರೆ ಒತ್ತಡ ಬರುತ್ತದೆ ನಿಜ, ಆದರೆ ಸದಾ ತೆರೆದೇ ಹರಿಯುವಂತೆ ಜೋಡಿಸಿದ ನಮ್ಮ ಪೈಪುಗಳ ಜಾಯಿಂಟ್‌ಗಳು ಆಗ ತಡೆಯಲಾರವು. ಮಷಿನ್ನಿನ ವಾಲ್ವ್ ಥಟ್ಟನೆ ಮುಚ್ಚಿದಾಗ ಹಿಂದಿನ ನೀರು ಬಡಿಯುವ ಪೆಟ್ಟು ಬೇರೆ ಇದೆ.

ಇನ್ನೊಂದನ್ನು ನೋಡಿ, ಇದು ನಿಮ್ಮ ಪುಸ್ತಕದ ಆ ಸಾಲಿನಲ್ಲಿ ಇಲ್ಲ. ಕೊಳೆನೀರು ಹೋಗುವ ಕೊಳವೆಯ ತುದಿ ಬಚ್ಚಲಿನ ನೆಲದ ಮೇಲೆ ಬಿದ್ದುಕೊಂಡಿದೆಯೇ? ಮುಂಬಾಗಿಲಿನ ಮಷಿನ್ನುಗಳಲ್ಲಿ ಅದನ್ನು ನೆಲದಿಂದ ಸುಮಾರು ಎರಡು-ಮೂರು ಅಡಿ ಮೇಲಕ್ಕೆ ಎತ್ತಿ ಕಟ್ಟಿರಬೇಕು. ನಿಖರವಾದ ಎತ್ತರ ಜೋಡಣೆಯ ಪುಟದಲ್ಲಿರುತ್ತದೆ. ಕೆಳಗಿದ್ದರೆ ಒಳಗೆ ಬಂದ ನೀರು ತಾನಾಗಿಯೇ ಹೊರಗೆ ಹರಿದುಹೋಗಿ, ಮಟ್ಟ ಏರದೆ ಇದೇ IE ಬರುತ್ತದೆ. ಮಷಿನ್ ನೀರು ತುಂಬಿಸಿಕೊಳ್ಳುವಾಗ ಆ ತುದಿಯಿಂದ ನೀರು ಬರುತ್ತಿದ್ದರೆ ಕಾರಣ ಸಿಕ್ಕಿತು.

ಪ್ರಶ್ನೆ ಕೇಳಿದವರು: ಅದನ್ನು ನನ್ನ ಮಗ ಗೋಡೆಯ ಮೊಳೆಗೆ ಎತ್ತಿ ಕಟ್ಟಿದ್ದಾನೆ, ತುಂಬುವಾಗ ನೀರು ಬರುವುದಿಲ್ಲ. ಸಂಜೆ ಮಾತ್ರ ಏಕೆ ಹೀಗೆ?

ಶಿವಮೊಗ್ಗದ ಮೆಕ್ಯಾನಿಕ್: ಇಲ್ಲಿ ಹೊಸನಗರದವರ ಮಾತಿನ ಅರ್ಧ ನಿಜವಿರಬಹುದು. ಬೋರ್ಡು ಹೋಗಿದ್ದರೆ ಬೆಳಿಗ್ಗೆ ಓಡುತ್ತಿರಲಿಲ್ಲ. ಆದರೆ ವೋಲ್ಟೇಜ್ ತೀರಾ ಕುಸಿದರೆ ವಾಲ್ವಿನ ವಿದ್ಯುತ್ ಸುರುಳಿಗೆ, ನೀರಿನ ದಾರಿ ತೆರೆಸುವ ಮುಳ್ಳನ್ನು ಮೇಲೆತ್ತುವ ಶಕ್ತಿ ಸಾಲದು. ಸಂಜೆ ತೋಟಕ್ಕೆ, ಸ್ನಾನಕ್ಕೆ ನೀರು ಬಳಸಿ ಟ್ಯಾಂಕಿನ ಮಟ್ಟ ಇಳಿದಿದ್ದರೆ ಮೊದಲೇ ಕಡಿಮೆಯಿದ್ದ ಒತ್ತಡ ಇನ್ನಷ್ಟು ಇಳಿದಿರಲೂ ಸಾಕು. ಎರಡರಲ್ಲಿ ಯಾವುದೆಂದು ಇಲ್ಲಿ ಕೂತು ಹೇಳಲಾರೆ. ನೀವೇ ಒಂದು ಸಂಜೆ ಟ್ಯಾಂಕು ತುಂಬಿದ್ದಾಗ ಮಷಿನ್ ಹಾಕಿ ನೋಡಿ. ಆಗ ಓಡಿದರೆ ಮಟ್ಟವೇ ಕಾರಣ. ಓಡದಿದ್ದರೆ ಹಿಂಬದಿಯಲ್ಲಿ ಕಿವಿಗೊಡಿ: ಗುಂಯ್ ಎಂಬ ಸಣ್ಣ ಸದ್ದಿದ್ದೂ ನೀರು ಬರದಿದ್ದರೆ ವಾಲ್ವಿಗೆ ಕರೆಂಟು ತಲುಪುತ್ತಿದೆ, ಆದರೆ ಅದು ತೆರೆಯುತ್ತಿಲ್ಲ, ಸದ್ದೇ ಇಲ್ಲದಿದ್ದರೆ ಸುರುಳಿ, ತಂತಿ, ಬೋರ್ಡುಗಳ ವಿಷಯ, ಅದು ಪುಸ್ತಕದಲ್ಲಿ ‘ಸೇವಾ ಕೇಂದ್ರವನ್ನು ಸಂಪರ್ಕಿಸಿ’ ಎಂದು ಬರೆದಿರುವ ಜಾಗ, ಮುಚ್ಚಳ ಬಿಚ್ಚಬೇಡಿ.

ಸಾಗರದ ಸದಸ್ಯರು: ಟ್ಯಾಂಕಿಗೂ ಮಷಿನ್ನಿಗೂ ನಡುವೆ ಸಣ್ಣ ಪ್ರೆಶರ್ ಪಂಪು ಹಾಕಿಸಿದರೆ ಎಲ್ಲ ಮುಗಿಯುವುದಿಲ್ಲವೇ?

ಶಿವಮೊಗ್ಗದ ಮೆಕ್ಯಾನಿಕ್: ಒತ್ತಡದ ಮಟ್ಟಿಗೆ ಮುಗಿಯುತ್ತದೆ. ಆದರೆ ಪಂಪಿಗೂ ಅದೇ ವೋಲ್ಟೇಜ್ ಬೇಕು, ಟ್ಯಾಂಕು ಬರಿದಾದಾಗ ಒಣಗಿ ಓಡಿದರೆ ಅದು ಸುಡುತ್ತದೆ, ಪಂಪಿನ ಮುಂದೆ ಕೆಸರು ಹಿಡಿಯುವ ಫಿಲ್ಟರ್ ಬೇರೆ ಬೇಕು. ಟ್ಯಾಂಕನ್ನು ಇನ್ನೆಂಟು ಅಡಿ ಎತ್ತರಿಸುವ ಕಟ್ಟೆಯ ಖರ್ಚಿಗಿಂತ ಅದು ಕಡಿಮೆಯೋ ಹೆಚ್ಚೋ ಎಂಬುದು ಮನೆಯ ಜಾಗವನ್ನು ನೋಡಿ ಹೇಳಬೇಕಾದ ಮಾತು.

ಪ್ರಶ್ನೆ ಕೇಳಿದವರು: ಸದ್ಯಕ್ಕೆ ಬೆಳಿಗ್ಗೆಯೇ ಒಗೆಯುತ್ತೇನೆ. ಟ್ಯಾಂಕು ತುಂಬಿದ ಸಂಜೆ ಹಾಕಿ ನೋಡಿ, ಸದ್ದು ಬಂತೋ ಇಲ್ಲವೋ ಇಲ್ಲಿಯೇ ತಿಳಿಸುತ್ತೇನೆ.