ಹೊಸಮನೆ ಬಳಗ: ಲಂಗೋಟಿ ಜಗಳ

ಶನಿವಾರ

ಸುಧಾ ದೊಡ್ಡಮ್ಮ, 7:12: (ವಿಡಿಯೋ, ಹಲವು ಬಾರಿ ಫಾರ್ವರ್ಡ್ ಆಗಿದೆ) ಮೇಘನಾ, ಇದನ್ನು ಪೂರ್ತಿ ನೋಡು. ಮಗುವಿನ ಬಟ್ಟೆಗೆ ಡಿಟರ್ಜೆಂಟ್ ವಿಷವಂತೆ. ಅಂಟುವಾಳದ ಕಾಯಿ ನೆನೆಸಿದ ನೀರಲ್ಲಿ ಒಗೆಯಬೇಕು. ಆಮೇಲೆ ವಿನೆಗರ್, ಅಡುಗೆ ಸೋಡಾ ಹಾಕಿದ ನೀರು. ಕೊನೇ ನೀರಿಗೆ ಎರಡು ಮುಚ್ಚಳ ಆಂಟಿಸೆಪ್ಟಿಕ್. ಪುಟ್ಟನ ಮೈಮೇಲಿನ ದದ್ದು ಒಂದೇ ವಾರದಲ್ಲಿ ಮಾಯ.

ಶಾರದಾ (ಅಮ್ಮ), 7:20: ನಾನೂ ಅದನ್ನೇ ಹೇಳುತ್ತಿದ್ದೇನೆ ಅಕ್ಕ. ಮಿಷನ್ನಿಗೆ ಹಾಕಬೇಡ ಎಂದರೆ ಕೇಳುವುದಿಲ್ಲ. ತೀರ್ಥಹಳ್ಳಿಯಲ್ಲಿ ಇದ್ದ ಮೂರು ತಿಂಗಳೂ ಬಾರ್ ಸೋಪಲ್ಲಿ ನಾನೇ ಒಗೆದೆ. ಒಂದು ಗುಳ್ಳೆ ಬರಲಿಲ್ಲ. ಬೆಂಗಳೂರಿಗೆ ಬಂದ ಹದಿನೈದು ದಿನಕ್ಕೆ ಶುರುವಾಯಿತು.

ಮೇಘನಾ, 7:41: ಅಮ್ಮ, ಇಲ್ಲಿಗೆ ಬಂದ ಮೇಲೂ ಅರ್ಧ ಬಟ್ಟೆ ನೀನೇ ಒಗೆಯುತ್ತಿದ್ದೀಯಲ್ಲ. ಅದೇ ಬಾರ್ ಸೋಪು. ಲಂಗೋಟಿ ಹಪ್ಪಳದ ಹಾಗೆ ನಿಲ್ಲುತ್ತಿದೆ.

ಕಿರಣ, 7:43: ನಿಲ್ಲುವ ಲಂಗೋಟಿ 😂

ರವಿ ಮಾವ, 8:05: ಒಂದು ನಿಮಿಷ. ಮೇಘನಾ, ನಿಮ್ಮ ಅಪಾರ್ಟ್‌ಮೆಂಟಿಗೆ ಕಾವೇರಿ ನೀರೋ, ಬೋರೋ?

ಮೇಘನಾ, 8:06: ಬೋರು, ಸಾಲದ್ದಕ್ಕೆ ಟ್ಯಾಂಕರ್.

ರವಿ ಮಾವ, 8:18: ಹಾಗಾದರೆ ಶಾರದಕ್ಕ ಹೇಳುವುದೂ ನಿಜ, ಮೇಘನಾ ಹೇಳುವುದೂ ನಿಜ. ತೀರ್ಥಹಳ್ಳಿಯ ಬಾವಿ ನೀರು ಮೆದು. ಅಲ್ಲಿ ಸೋಪು ಹಾಕಿದರೆ ನೊರೆ ಬರುತ್ತದೆ, ನೀರಿನ ಜೊತೆ ಹೋಗುತ್ತದೆ. ಬೋರ್ ನೀರಲ್ಲಿ ಸುಣ್ಣದ ಅಂಶ ಜಾಸ್ತಿ. ಸೋಪು ಅದರ ಜೊತೆ ಸೇರಿ ನೀರಲ್ಲಿ ಕರಗದ ಜಿಡ್ಡು ಆಗುತ್ತದೆ. ಬಕೆಟ್ ಅಂಚಿಗೆ ಬಿಳಿ ಗಸಿ ಕೂರುತ್ತದಲ್ಲ, ಅದೇ. ಬಟ್ಟೆಯ ನೂಲಿಗೂ ಅದೇ ಕೂರುತ್ತದೆ. ಎಷ್ಟು ಜಾಲಿಸಿದರೂ ಹೋಗುವುದಿಲ್ಲ, ಏಕೆಂದರೆ ಜಾಲಿಸುವುದೂ ಅದೇ ನೀರಲ್ಲಿ. ನಾನು ಇಪ್ಪತ್ತು ವರ್ಷ ಡೈಯಿಂಗ್ ಯುನಿಟ್ಟಿನಲ್ಲಿ ಇದ್ದೆ. ಅಲ್ಲಿ ಬೋರ್ ನೀರನ್ನು ಮೆದು ಮಾಡದೆ ಒಂದು ಮೀಟರ್ ಬಟ್ಟೆಯನ್ನೂ ಮುಟ್ಟುತ್ತಿರಲಿಲ್ಲ.

ಸುಧಾ ದೊಡ್ಡಮ್ಮ, 8:22: ಅದಕ್ಕೇ ಅಂಟುವಾಳ ಅಂದಿದ್ದು!

ರವಿ ಮಾವ, 8:30: ಅಂಟುವಾಳ ಒಳ್ಳೆಯದೇ ದೊಡ್ಡಕ್ಕ. ರೇಷ್ಮೆ ಸೀರೆಗೆ, ಒಡವೆಗೆ. ಪುಟ್ಟನಿಗೆ ದಿನಾ ಕೊಬ್ಬರಿ ಎಣ್ಣೆ ತಿಕ್ಕುತ್ತೀರಿ. ಆ ಎಣ್ಣೆ ಲಂಗೋಟಿ, ದುಪ್ಪಟಿಗೆ ಇಳಿದಿರುತ್ತದೆ. ಅಂಟುವಾಳಕ್ಕೆ ಅಷ್ಟು ಎಣ್ಣೆ ತೆಗೆಯುವ ಕಸುವಿಲ್ಲ. ಎಣ್ಣೆ ಉಳಿದರೆ ಕಮಟು ವಾಸನೆ ಬರುತ್ತದೆ, ಬಟ್ಟೆ ನೀರು ಹೀರುವುದನ್ನು ಬಿಡುತ್ತದೆ. ವಿನೆಗರ್ ಹುಳಿ, ಸೋಡಾ ಕ್ಷಾರ. ಒಂದೇ ಬಕೆಟ್ಟಿಗೆ ಹಾಕಿದರೆ ಬುಸ್ ಅಂತ ಉಕ್ಕಿ, ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತದೆ. ನೋಡುವುದಕ್ಕೆ ಚೆಂದ, ಅಷ್ಟೇ. ಕೊನೇ ನೀರಿಗೆ ಆಂಟಿಸೆಪ್ಟಿಕ್ ಹಾಕಿದರೆ ಅದನ್ನು ತೊಳೆಯುವವರು ಯಾರು? ಅದೂ ಬಟ್ಟೆಯಲ್ಲೇ ಒಣಗಿ ಮಗುವಿನ ಮೈಗೆ ತಾಗುತ್ತದೆ.

ಸುಧಾ ದೊಡ್ಡಮ್ಮ, 8:33: ಎಲ್ಲಾ ಗೊತ್ತಿರುವವನು ನೀನೊಬ್ಬನೇ ಬಿಡು.

ಕಿರಣ, 8:40: ಹಾಗಾದರೆ ಮಿಷನ್ ಗೆದ್ದಿತು. ಬೇಬಿ ಲಿಕ್ವಿಡ್ ಹಾಕಿದರೆ ಮುಗೀತು ಅಲ್ವಾ?

ರವಿ ಮಾವ, 8:44: ಸುಮ್ನೆ ಯಾಕೆ ವಾದ? ಮೇಘನಾ, ಅಮ್ಮ ಒಗೆದ ಲಂಗೋಟಿ ಒಂದು, ಮಿಷನ್ನಿಂದ ಬಂದದ್ದು ಒಂದು ತಗೋ. ಎರಡೂ ಪೂರ್ತಿ ಒಣಗಿರಬೇಕು. ಮೊದಲು ಒಂದೊಂದು ಹನಿ ನೀರು ಬಿಡು. ಆಮೇಲೆ ಎರಡು ಬೋಗುಣಿಯಲ್ಲಿ ಬಿಸಿ ಮಾಡಿದ ಆರ್‌ಓ ನೀರು ಹಾಕಿ, ಒಂದೊಂದನ್ನೂ ಚೆನ್ನಾಗಿ ಕಿವುಚು. ನಲ್ಲಿ ನೀರು ಬೇಡ. ಅದರಲ್ಲಿ ಸೋಪು ಇದ್ದರೂ ನೊರೆ ಕಾಣಿಸುವುದಿಲ್ಲ.

ಮೇಘನಾ, 11:15: (ಎರಡು ಫೋಟೋ) ಮಾಡಿದೆ ಮಾವ. ಅಮ್ಮ ಒಗೆದದ್ದರ ಮೇಲೆ ಹನಿ ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ನಿಂತಿತು. ನೀರಲ್ಲಿ ಕಿವುಚಿದರೆ ನೊರೆ ಇಲ್ಲ, ನೀರು ಮಾತ್ರ ಅಕ್ಕಿ ತೊಳೆದಂತೆ ಬೆಳ್ಳಗಾಯಿತು. ಕೈಗೆ ಜಿಡ್ಡು. ಮಿಷನ್ನಿನದು ಹನಿಯನ್ನು ಹೀರಿತು. ಆದರೆ ಕಿವುಚಿದ ಕೂಡಲೇ ಬೋಗುಣಿ ಸುತ್ತ ನೊರೆಯ ಬಳೆ! ಎರಡೂ ಫೇಲ್.

ರವಿ ಮಾವ, 11:21: ಅಮ್ಮನದು ಸೋಪಿನ ಜಿಡ್ಡು, ಬಹುಶಃ ಎಣ್ಣೆಯೂ ಸೇರಿದೆ. ಮಿಷನ್ನಿನದು ಜಾಲಿಸದೇ ಉಳಿದ ಡಿಟರ್ಜೆಂಟ್. ಎಷ್ಟು ಹಾಕುತ್ತೀ, ಯಾವ ಪ್ರೋಗ್ರಾಂ?

ಮೇಘನಾ, 11:25: ಕೆಲಸದವರು ಎರಡು ಮುಚ್ಚಳ ಹಾಕುತ್ತಿದ್ದರಂತೆ. ಈಗಷ್ಟೇ ಕೇಳಿದೆ. ಪ್ರೋಗ್ರಾಂ 15 ನಿಮಿಷದ್ದು, ಡ್ರಮ್ ತುಂಬ ಬಟ್ಟೆ. ಘಮ ಬರಲಿ ಅಂತ ಸಾಫ್ಟ್‌ನರ್ ಕೂಡ.

ರವಿ ಮಾವ, 11:38: ಅಲ್ಲೇ ಇದೆ ನೋಡು. ಮೊದಲು ಸಾಫ್ಟ್‌ನರ್ ನಿಲ್ಲಿಸು. ಬೇರೆಯದೆಲ್ಲ ತೊಳೆದು ಹೋಗಬೇಕು ಅಂತ ಮಾಡುತ್ತಾರೆ. ಸಾಫ್ಟ್‌ನರ್ ಮಾಡುವುದೇ ನೂಲಿಗೆ ಅಂಟಿ ಉಳಿಯಲಿ ಅಂತ. ಅದರ ಘಮವೂ ಹಾಗೆಯೇ ಉಳಿಯುತ್ತದೆ. ಇನ್ನು ಜಾಲಿಸುವ ಲೆಕ್ಕ. 1 ಕಿಲೋ ಒಣ ಬಟ್ಟೆಗೆ 10 ಲೀಟರ್ ನೀರು, 40 ಗ್ರಾಂ ಡಿಟರ್ಜೆಂಟ್ ಅಂದುಕೋ. ಒಗೆದು ಗಟ್ಟಿಯಾಗಿ ಹಿಂಡಿದರೆ ಬಟ್ಟೆಯಲ್ಲಿ ಸುಮಾರು 1 ಲೀಟರ್ ನೀರು ಉಳಿಯುತ್ತದೆ, ಅದರಲ್ಲಿ 4 ಗ್ರಾಂ. ಹೊಸ 10 ಲೀಟರಲ್ಲಿ ಜಾಲಿಸಿ ಹಿಂಡಿದರೆ ಅದು 0.36ಕ್ಕೆ ಇಳಿಯಿತು. ಇನ್ನೊಮ್ಮೆ ಮಾಡಿದರೆ 0.03 ಗ್ರಾಂ. ಹಿಂಡದೆ, ಸೋರುತ್ತಿರುವ ಹಾಗೆಯೇ ಎತ್ತಿ ಹಾಕಿದರೆ? ಬಟ್ಟೆ 3 ಲೀಟರ್ ಹಿಡಿದುಕೊಂಡಿರುತ್ತದೆ. ಎರಡು ಸಲ ಜಾಲಿಸಿದ ಮೇಲೂ ಅರ್ಧ ಗ್ರಾಂಗಿಂತ ಜಾಸ್ತಿ. ನೀರು ಅಷ್ಟೇ, ಸೋಪು ಅಷ್ಟೇ, ಉಳಿದದ್ದು ಇಪ್ಪತ್ತು ಪಟ್ಟು.

ಕಿರಣ, 11:40: ಮಾವ ಗಣಿತದ ಮೇಷ್ಟ್ರು ಆಗಬೇಕಿತ್ತು.

ಶಾರದಾ (ಅಮ್ಮ), 11:46: ನನ್ನ ಕೈಯಲ್ಲಿ ಮೊದಲಿನಂತೆ ಹಿಂಡಲು ಆಗುವುದಿಲ್ಲ. ಮಣಿಕಟ್ಟು ನೋವು. ಅದನ್ನು ಯಾರಿಗೂ ಹೇಳಿರಲಿಲ್ಲ.

ಮೇಘನಾ, 11:47: ಅಮ್ಮಾ. ಇನ್ನು ನೀನು ಒಗೆಯಬೇಡ.

ರವಿ ಮಾವ, 11:58: ಹಿಂಡುವ ಕೆಲಸ ಮಿಷನ್ನಿಗೆ ಬಿಡಿ ಅಕ್ಕ, ಅದರ ಸ್ಪಿನ್ ನಮ್ಮ ಕೈಗಿಂತ ಗಟ್ಟಿ. ಆದರೆ ಡ್ರಮ್ ಅರ್ಧ ಅಥವಾ ಮುಕ್ಕಾಲು ತುಂಬಲಿ. ದೊಡ್ಡ ಪ್ರೋಗ್ರಾಂ, 40 ಡಿಗ್ರಿ. ಎಣ್ಣೆಗೆ ತಣ್ಣೀರು ಸಾಲದು. ಬಾಟಲಿಯ ಮೇಲೆ ಗಡಸು ನೀರಿಗೆ ಎಷ್ಟು ಅಂತ ಬರೆದಿರುತ್ತದೆ, ಅಷ್ಟೇ ಅಳೆದು ಹಾಕು. ಎಕ್ಸ್‌ಟ್ರಾ ರಿನ್ಸ್ ಬಟನ್ ಒತ್ತು. ವಾಸನೆ ಇಲ್ಲದ, ಬಣ್ಣ ಇಲ್ಲದ ಲಿಕ್ವಿಡ್ ಯಾವುದಾದರೂ ಸರಿ. ಬಾಟಲಿ ಮೇಲೆ ಮಗುವಿನ ಚಿತ್ರ ಇರಬೇಕೆಂದೇನೂ ಇಲ್ಲ. ಚಿತ್ರ ಇದ್ದೂ ಗಮ್ಮೆನ್ನುವ ಬಾಟಲಿಗಳು ಬೇಕಾದಷ್ಟಿವೆ. ಈಗಾಗಲೇ ಜಿಡ್ಡಾದ ಲಂಗೋಟಿಗಳನ್ನು ಒಮ್ಮೆ 60 ಡಿಗ್ರಿಯಲ್ಲಿ ಡಿಟರ್ಜೆಂಟ್ ಹಾಕಿ, ಇನ್ನೊಮ್ಮೆ ಏನೂ ಹಾಕದೆ ತಿರುಗಿಸು. ಹನಿ ನಿಲ್ಲುವುದು ಬಿಟ್ಟರೆ ಸರಿಯಾಯಿತು ಅಂತ.

ಕಿರಣ, 12:10: ಇಷ್ಟೆಲ್ಲ ಯಾಕೆ, ಇಡೀ ಮನೆಗೆ ನೀರು ಮೆದು ಮಾಡುವ ಯಂತ್ರ ಹಾಕಿಸಿದರೆ? ನಾನು ಅರ್ಧ ದುಡ್ಡು ಕೊಡುತ್ತೇನೆ.

ಮೇಘನಾ, 12:31: ಯೋಚಿಸಿದ್ದೆ. ಗಡಸು ನೀರಿರುವ ಊರುಗಳಲ್ಲಿ ಮಕ್ಕಳಿಗೆ ಎಕ್ಸಿಮಾ ಜಾಸ್ತಿ ಕಾಣುತ್ತದೆ ಅನ್ನುವುದು ನಿಜ. ಆದರೆ ಇಂಗ್ಲೆಂಡಿನಲ್ಲಿ ಎಕ್ಸಿಮಾ ಇದ್ದ 336 ಮಕ್ಕಳ ಮೇಲೆ ಒಂದು ಪರೀಕ್ಷೆ ಮಾಡಿದ್ದರು. 2011ರಲ್ಲಿ ಫಲಿತಾಂಶ ಬಂತು. ಮನೆಗೆ ಆ ಯಂತ್ರ ಹಾಕಿಸಿ 12 ವಾರ ನೋಡಿದರೂ ಮಾಮೂಲಿ ಆರೈಕೆಗಿಂತ ಹೆಚ್ಚಿನ ಗುಣ ಸಿಗಲಿಲ್ಲ. ಬಟ್ಟೆ ಮೆತ್ತಗಾಗಬಹುದು, ದದ್ದಿಗೆ ಅಂತ ಅಷ್ಟು ದುಡ್ಡು ಬೇಡ ಕಿರಣಣ್ಣ.

ಸುಧಾ ದೊಡ್ಡಮ್ಮ, 12:35: ಎಕ್ಸಿಮಾನಾ? ಯಾರು ಹೇಳಿದ್ದು? ಮಗುವಿಗೆ ಬರೀ ಬಟ್ಟೆ ಆಗಿಬರುತ್ತಿಲ್ಲ.

ಮೇಘನಾ, 12:52: ಡಾಕ್ಟರು ಹೇಳಿದ್ದು ದೊಡ್ಡಮ್ಮ. ಬಟ್ಟೆಯಿಂದಲೇ ಆಗಿದ್ದರೆ ಬಟ್ಟೆ ಒತ್ತುವ ಕಡೆ ಇರಬೇಕು: ಸೊಂಟದ ದಾರ, ಕಂಕುಳ ಹೊಲಿಗೆ, ಬೆನ್ನು. ಪುಟ್ಟನಿಗೆ ಕೆನ್ನೆಯಲ್ಲೂ ಇದೆ, ಕೈಕಾಲಿನ ಹೊರಮೈಯಲ್ಲೂ ಇದೆ. ಲಂಗೋಟಿ ಜಾಗ ಮಾತ್ರ ಚೊಕ್ಕವಾಗಿದೆ. ಈ ವಯಸ್ಸಿಗೆ ಎಕ್ಸಿಮಾ ಸಾಮಾನ್ಯವಾಗಿ ಹೀಗೇ ಬರುತ್ತದಂತೆ. ಸ್ನಾನ ಆದ ಕೂಡಲೇ ಮುಲಾಮು ಹಚ್ಚುವುದೇ ಮುಖ್ಯ ಔಷಧಿ, ಬಟ್ಟೆ ಸರಿ ಮಾಡುವುದು ಉರಿ ಹೆಚ್ಚಾಗದಿರಲಿ ಅಂತ ಅಂದರು.

ಸುಧಾ ದೊಡ್ಡಮ್ಮ, 12:54: ಮತ್ತೆ ಬೆನ್ನ ಮೇಲೆ ಯಾಕಿದೆ?

ಇದಕ್ಕೆ ಆ ದಿನ ಯಾರೂ ಉತ್ತರ ಕೊಡಲಿಲ್ಲ. ದೊಡ್ಡಮ್ಮ ಆಗಾಗ ಸರಿಯಾದ ಪ್ರಶ್ನೆಯನ್ನೇ ಕೇಳುತ್ತಾರೆ.

ಹದಿನಾರು ದಿನಗಳ ನಂತರ, ಸೋಮವಾರ

ಮೇಘನಾ, 9:02: (ಫೋಟೋ) ಬೆನ್ನು, ಹೊಟ್ಟೆ ಪೂರ್ತಿ ತಿಳಿಯಾಗಿದೆ. ಬೋಗುಣಿಯಲ್ಲಿ ಕಿವುಚಿದರೆ ಈಗ ನಾಲ್ಕೈದು ಗುಳ್ಳೆ ಬಂದು ಒಡೆಯುತ್ತವೆ, ಅಷ್ಟೇ. ಕೆನ್ನೆ ಮಾತ್ರ ಇನ್ನೂ ಒರಟು. ಮುಲಾಮು ಹಚ್ಚುತ್ತಿದ್ದೇನೆ.

ಸುಧಾ ದೊಡ್ಡಮ್ಮ, 9:05: ಬೆನ್ನಿಗೆ ಬಟ್ಟೆಯೇ ಕಾರಣ. ನಾನು ಅವತ್ತೇ ಹೇಳಿದೆ.

ಮೇಘನಾ, 9:06: ಇರಬಹುದು ದೊಡ್ಡಮ್ಮ. ಮುಲಾಮೂ ಅವತ್ತೇ ಶುರು ಮಾಡಿದ್ದರಿಂದ ಯಾವುದರಿಂದ ಅಂತ ಹೇಳುವುದು ಕಷ್ಟ.

ರವಿ ಮಾವ, 9:15: ಹಣೆಯ ಅಂಚಿನಲ್ಲಿ, ಗಲ್ಲದ ಕೆಳಗೆ ಗೆರೆ ಎಳೆದ ಹಾಗೆ ಕೆಂಪಗಿದೆಯಲ್ಲ, ಅದೇನು?

ಮೇಘನಾ, 9:17: ...ಕುಲಾವಿ.

ಕಿರಣ, 9:17: ಯಾರು ಹೆಣೆದ ಕುಲಾವಿ ಅಂತ ಕೇಳಬೇಡಿ.

ಸುಧಾ ದೊಡ್ಡಮ್ಮ, 9:19: ನಾನು ಹೆಣೆದದ್ದು! ಅಂಗಡಿಯವನು ಬೇಬಿ ಉಲ್ಲನ್ ಅಂತಲೇ ಕೊಟ್ಟ.

ರವಿ ಮಾವ, 9:28: ನೂಲು ಮೆತ್ತಗೆ ಕಂಡರೂ ಅದರ ಎಳೆಗಳ ತುದಿ ಚರ್ಮಕ್ಕೆ ಚುಚ್ಚುತ್ತದೆ ಅಕ್ಕ. ಅದು ಅಕ್ರಿಲಿಕ್ ಆಗಿದ್ದರೆ ಬೆವರನ್ನೂ ಹೀರುವುದಿಲ್ಲ. ಬೆವರು, ಜೊಲ್ಲು ಎರಡೂ ಅಲ್ಲೇ ನಿಂತು ಉಜ್ಜುತ್ತದೆ. ಎಸೆಯುವುದೇನೂ ಬೇಡ. ಒಳಗೆ ಮಲ್ ಬಟ್ಟೆಯ ಅಸ್ತರಿ ಕೊಡು. ಹೊಲಿಗೆಯ ಗಂಟು ಹೊರಮುಖಕ್ಕೆ ಇರಲಿ. ದಾರಕ್ಕೂ ಕಾಟನ್ನೇ.

ಮೇಘನಾ, 9:31: ಹೊಸ ಮಲ್ ತರಲಾ? ಅಂಗಡಿಯಲ್ಲಿ ಬಿದಿರಿನ ಬಟ್ಟೆ ಅಂತಲೂ ಇದೆ. ಮೂರು ಪಟ್ಟು ರೇಟು.

ರವಿ ಮಾವ, 9:40: ಬಿದಿರು ಅಂತ ಮಾರುವುದು ಹೆಚ್ಚಿನದು ವಿಸ್ಕೋಸ್. ಬಿದಿರನ್ನು ರಾಸಾಯನಿಕದಲ್ಲಿ ಕರಗಿಸಿ ತೆಗೆದ ನೂಲು. ಮೆತ್ತಗಿರುತ್ತದೆ, ಕೆಟ್ಟದ್ದಲ್ಲ. ಮೂರು ಪಟ್ಟು ಕೊಡುವಂಥದ್ದೂ ಅಲ್ಲ. ಹೊಸ ಬಟ್ಟೆ ಯಾವುದೇ ಇರಲಿ, ಗಂಜಿ, ಫಿನಿಶ್ ಕೂತಿರುತ್ತದೆ. ಎರಡು ಸಲ ಒಗೆದು ಹಾಕಬೇಕು. ಅದಕ್ಕಿಂತ ಹಳೇ ಕಾಟನ್ ಸೀರೆ ಇದ್ದರೆ ಅದರ ಮುಂದೆ ಯಾವುದೂ ಇಲ್ಲ. ಗಂಜಿ, ಬಣ್ಣ ಹೋಗುವುದೆಲ್ಲ ಎಂದೋ ಹೋಗಿರುತ್ತದೆ.

ಸುಧಾ ದೊಡ್ಡಮ್ಮ, 9:52: ನನ್ನ ಹತ್ತಿರ ಒಂದಿದೆ. ಅಮ್ಮನ ಬಿಳಿ ಒಡಲಿನ ಸೀರೆ, ನೀಲಿ ಅಂಚಿನದು. ಶಾರದಾ, ನಿನಗೆ ನೆನಪಿರಬೇಕು.

ಶಾರದಾ (ಅಮ್ಮ), 9:53: ಅದನ್ನು ಕತ್ತರಿಸುತ್ತೀಯಾ ಅಕ್ಕ?

ಸುಧಾ ದೊಡ್ಡಮ್ಮ, 9:58: ಸೆರಗು ನೀನು ಇಟ್ಟುಕೋ. ಒಡಲಲ್ಲಿ ಕುಲಾವಿಗೆ ಅಸ್ತರಿ, ಆರು ಲಂಗೋಟಿ ಆಗುತ್ತದೆ. ಭಾನುವಾರ ತರುತ್ತೇನೆ. ಮೇಘನಾ, ಕುಲಾವಿಯ ಅಳತೆ ಕಳಿಸು. ರವಿ, ಈ ಸೀರೆಯ ಮೇಲೂ ಹನಿ ಬಿಟ್ಟು ನೋಡಬೇಕಾ?

ರವಿ ಮಾವ, 9:59: ಬಿಡಿ ಅಕ್ಕ. ಎಷ್ಟು ವರ್ಷ ಪೆಟ್ಟಿಗೆಯಲ್ಲಿತ್ತೋ ಏನೋ.

ಸುಧಾ ದೊಡ್ಡಮ್ಮ, 10:04: ಬಿಟ್ಟೆ. ಹೀರಿಕೊಂಡಿತು.