ಸಹಾಯ ಬೇಕು: ಬಿಒಎಂ ಬದಲಾವಣೆಗೆ ತಾರೀಖು ನೋಡಬೇಕೋ, ಸ್ಟಾಕ್ ನೋಡಬೇಕೋ?

ಎಲ್ಲರಿಗೂ ನಮಸ್ಕಾರ. ಹೊಸೂರಿನ ಸಣ್ಣ ಕಾರ್ಖಾನೆಯೊಂದರಲ್ಲಿ ಪ್ಲಾನಿಂಗ್ ನೋಡಿಕೊಳ್ಳುತ್ತೇನೆ. ಪಂಪ್‌ಸೆಟ್ ಸ್ಟಾರ್ಟರ್ ಪ್ಯಾನೆಲ್ ಮಾಡುತ್ತೇವೆ. ಈಗ ಅದರ ರಿಲೇ ಬದಲಾಗುತ್ತಿದೆ. ಹೊಸ ರಿಲೇ ಹಳೇ ಬೇಸ್‌ಗೆ ಕೂರುವುದಿಲ್ಲ. ಹಾಗಾಗಿ ಎರಡೂ ಒಟ್ಟಿಗೇ ಬದಲಾಗಬೇಕು.

ಹಳೇ ರಿಲೇ 400 ಇವೆ, ಬೇಸ್ 250 ಮಾತ್ರ. ಪ್ಯಾನೆಲ್‌ಗೆ ಒಂದೊಂದು ಬೇಕು. ವಾರಕ್ಕೆ 50 ಪ್ಯಾನೆಲ್ ಅಂತ ಲೆಕ್ಕ ಹಾಕಿ, 5 ವಾರದ ಆಚೆಗೆ ಬದಲಾವಣೆಯ ತಾರೀಖು ಇಟ್ಟರು. ಮಳೆ ಶುರುವಾಯಿತು ನೋಡಿ, ಆರ್ಡರ್ 30ಕ್ಕೆ ಇಳಿಯಿತು. ಹೀಗೇ ಹೋದರೆ ಆ ದಿನಕ್ಕೆ 100 ಬೇಸ್ ಉಳಿಯುತ್ತವೆ. ಇಆರ್‌ಪಿ ಮಾತ್ರ ತಾರೀಖು ದಾಟಿದ ಕೂಡಲೇ ಹಳೇದನ್ನು ಕೇಳುವುದೇ ಇಲ್ಲ, ಸುಮ್ನೆ ಹೊಸದನ್ನೇ ತರಿಸು ಅನ್ನುತ್ತದೆ. ತಾರೀಖು ಮುಂದೆ ತಳ್ಳೋಣವೆಂದರೆ ಹೊಸ ಭಾಗದ ಪಿಒ ಆಗಲೇ ಹೋಗಿದೆ. ಹಳೇ ಬಿಒಎಂನಲ್ಲಿ ಬಿಡುಗಡೆಯಾದ ವರ್ಕ್ ಆರ್ಡರ್‌ಗಳಿಗೂ ತಾರೀಖು ತಾಗುವುದಿಲ್ಲ. ಅವನ್ನು ಒಂದೊಂದಾಗಿ ನೋಡಬೇಕು.

ತಾರೀಖಿನ ಬದಲು ಪ್ಯಾನೆಲ್‌ನ ಸೀರಿಯಲ್ ನಂಬರಿಗೆ ಬದಲಾವಣೆ ಕಟ್ಟಿದವರು ಯಾರಾದರೂ ಇದ್ದೀರಾ? ಆಗ ಖರೀದಿಯ ಪ್ಲಾನ್ ಹೇಗೆ ಓಡಿಸುತ್ತೀರಿ? ಹೆಚ್ಚಾಗುವ 150 ರಿಲೇಗೆ ಇನ್ನಷ್ಟು ಹಳೇ ಬೇಸ್ ತರಿಸುವುದು ನನಗೆ ಸರಿ ಕಾಣುತ್ತಿಲ್ಲ. ಮಾರಿದ ಪ್ಯಾನೆಲ್‌ಗಳ ರಿಪೇರಿಗೆ ಎತ್ತಿಡುವುದೇ ವಾಸಿ ಅಲ್ವಾ? ಎಷ್ಟು ಎತ್ತಿಡಬೇಕು ಅಂತ ನೀವು ಹೇಗೆ ತೀರ್ಮಾನಿಸುತ್ತೀರಿ?